ತಾಮ್ರ, ಹಿತ್ತಾಳೆಯ ಕಿಲುಬು: ಯಾವ ಬಣ್ಣ ಏನು ಹೇಳುತ್ತದೆ? – ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ದೀಪ, ಹಂಡೆ, ಚೊಂಬುಗಳನ್ನು ಸರಿಮಾಡಿಕೊಡುವ ಕೆಲಸ ನನ್ನದು. ವಾರಕ್ಕೆ ನಾಲ್ಕೈದು ಜನ ಫೋಟೋ ಕಳಿಸಿ ಕೇಳುವುದು ಒಂದೇ ಮಾತು: "ಇದು ಹಸಿರಾಗಿದೆ, ಉಜ್ಜಿಬಿಡ್ಲಾ?" ಉತ್ತರ ಪ್ರತಿ ಸಲವೂ ಬೇರೆ ಇರುತ್ತದೆ. ಕೆಲವು ಹಸಿರನ್ನು ಮುಟ್ಟಲೇಬಾರದು, ಕೆಲವನ್ನು ಒಂದು ದಿನವೂ ಬಿಡಬಾರದು. ಯಾವುದು ಯಾವುದು ಅಂತ ಗುರುತಿಸುವುದು ಹೇಗೆ ಎಂದು ಇಲ್ಲಿ ಬರೆದಿಟ್ಟಿದ್ದೇನೆ.

ಬಣ್ಣ ನೋಡಿದರೆ ಸಾಕಾ, ಕಿಲುಬು ಯಾವುದು ಅಂತ ಗೊತ್ತಾಗುತ್ತಾ?

ಅರ್ಧ ಗೊತ್ತಾಗುತ್ತದೆ. ಕಂದು ಮತ್ತು ಕಪ್ಪು ಸುಮಾರಾಗಿ ತಮ್ಮ ಗುರುತನ್ನು ತಾವೇ ಹೇಳುತ್ತವೆ. ಮೋಸ ಮಾಡುವುದು ಹಸಿರು. ತಾಮ್ರದ ಕಾರ್ಬೊನೇಟ್ ಹಸಿರು, ಸಲ್ಫೇಟ್ ಹಸಿರು, ಕ್ಲೋರೈಡ್ ಹಸಿರು, ಎಣ್ಣೆಯ ಜೊತೆ ಸೇರಿ ಆಗುವ ತಾಮ್ರದ ಸೋಪೂ ಹಸಿರೇ. ಫೋಟೋದಲ್ಲಿ ಈ ನಾಲ್ಕೂ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ.

ಅದಕ್ಕೇ ನಾನು ಬಣ್ಣದ ಜೊತೆ ಇನ್ನೂ ಮೂರು ವಿಷಯ ಕೇಳುತ್ತೇನೆ. ಅದು ಗಟ್ಟಿಯಾಗಿದೆಯೋ, ಪುಡಿಯಾಗಿದೆಯೋ, ಜಿಡ್ಡಾಗಿದೆಯೋ? ಮೈತುಂಬ ಹರಡಿದೆಯೋ, ಒಂದು ಮೂಲೆಯಲ್ಲಿ ಮಾತ್ರ ಕೂತಿದೆಯೋ? ಆ ಜಾಗಕ್ಕೆ ಏನು ತಾಗುತ್ತಿತ್ತು: ಎಣ್ಣೆಯಾ, ಉಪ್ಪಾ, ಮಳೆಯಾ, ಮಣ್ಣಾ? ಇಷ್ಟಕ್ಕೆ ಉತ್ತರ ಸಿಕ್ಕರೆ ಹತ್ತರಲ್ಲಿ ಎಂಟು ಸಲ ಕಿಲುಬಿನ ಹೆಸರು ಹೇಳಬಹುದು.

ಕಂದು ಬಣ್ಣ ಕೊಳೆನಾ?

ಅಲ್ಲ. ಹೊಸ ತಾಮ್ರದ ಚೊಂಬನ್ನು ಸುಮ್ನೆ ಕಪಾಟಿನಲ್ಲಿಟ್ಟರೆ ಮೊದಲು ಅದರ ಗುಲಾಬಿ ಹೊಳಪು ಮಂಕಾಗುತ್ತದೆ, ಆಮೇಲೆ ಕಂದಾಗುತ್ತದೆ. ಗಾಳಿಯ ಆಮ್ಲಜನಕ ತಾಮ್ರದ ಜೊತೆ ಸೇರಿ ಕ್ಯುಪ್ರೈಟ್ (Cu₂O) ಎಂಬ ತೆಳುವಾದ ಪದರ ಕಟ್ಟಿರುತ್ತದೆ. ಕ್ಯುಪ್ರೈಟಿನ ಸ್ವಂತ ಬಣ್ಣ ಕೆಂಪು. ಆದರೆ ತೆಳುವಾಗಿ, ಲೋಹಕ್ಕೆ ಅಂಟಿಕೊಂಡು ಕೂತಾಗ ಅದು ನಮಗೆ ಕಂದಾಗಿ ಕಾಣುತ್ತದೆ.

ಈ ಪದರ ಲೋಹವನ್ನು ಕಾಯುತ್ತದೆ. ಗಾಳಿ ಮತ್ತು ತೇವ ಒಳಗೆ ನುಗ್ಗುವುದನ್ನು ನಿಧಾನ ಮಾಡುತ್ತದೆ. ದಿನಾ ಉಜ್ಜಿ ಥಳಥಳ ಮಾಡುವ ಚೊಂಬು ಪ್ರತಿ ಸಲವೂ ಈ ಪದರವನ್ನು ಕಳೆದುಕೊಂಡು, ಮತ್ತೆ ಹೊಸದಾಗಿ ಕಟ್ಟಲು ತನ್ನ ತಾಮ್ರವನ್ನೇ ಖರ್ಚು ಮಾಡುತ್ತದೆ. ಹಳೇ ಚೊಂಬಿನ ಮೇಲಿನ ಚಿತ್ತಾರ ಸವೆದು ಹೋಗಿರುವುದು ಬಹಳ ಮಟ್ಟಿಗೆ ಹೀಗೆಯೇ. ಹಿತ್ತಾಳೆಯಲ್ಲಿ ತಾಮ್ರದ ಜೊತೆ ಸತುವೂ ಇರುತ್ತದೆ, ಹಾಗಾಗಿ ಅದರ ಕಂದು ಸ್ವಲ್ಪ ಹಳದಿ ಕಲೆತಂತೆ, ಹಳೇ ಜೇನಿನ ಬಣ್ಣದಂತೆ ಇರುತ್ತದೆ. ಮೈತುಂಬ ಒಂದೇ ಸಮ ಇದ್ದರೆ ಹಾಗೆಯೇ ಬಿಡಿ ಎನ್ನುವುದು ನನ್ನ ಸಲಹೆ.

ಕಪ್ಪು? ಕೆಲವು ಕಡೆ ನೀಲಿ-ನೇರಳೆ ಮಿಂಚು ಕಾಣುತ್ತದಲ್ಲ, ಅದು?

ಕಪ್ಪಿಗೆ ಎರಡು ದಾರಿ. ಒಂದು ಬೆಂಕಿ. ಬಚ್ಚಲ ಹಂಡೆಯ ತಳದಲ್ಲಿ ಮಸಿಯನ್ನು ಉಜ್ಜಿ ತೆಗೆದ ಮೇಲೂ ಉಳಿಯುವ ಕಪ್ಪು ಟೆನೊರೈಟ್, ಅಂದರೆ ಜಾಸ್ತಿ ಆಮ್ಲಜನಕ ಹಿಡಿದ ತಾಮ್ರದ ಆಕ್ಸೈಡ್. ಅದು ಹಪ್ಪಳದ ಹಾಗೆ ಚಕ್ಕೆ ಏಳುತ್ತದೆ, ಎದ್ದ ಕಡೆ ಕೆಳಗೆ ಕೆಂಪು ಕ್ಯುಪ್ರೈಟ್ ಕಾಣುತ್ತದೆ. ಇನ್ನೊಂದು ದಾರಿ ಗಂಧಕ. ಮೊಟ್ಟೆ, ಈರುಳ್ಳಿ, ಉಣ್ಣೆಬಟ್ಟೆ, ರಬ್ಬರು, ಚರಂಡಿ ಗಾಳಿ ಇವುಗಳಿಂದ ಬರುವ ಗಂಧಕ ತಾಮ್ರದ ಸಲ್ಫೈಡ್ ಕಟ್ಟುತ್ತದೆ. ರಬ್ಬರ್ ಬ್ಯಾಂಡ್ ಸುತ್ತಿ ಇಟ್ಟ ಹಿತ್ತಾಳೆ ಗಂಟೆಯ ಮೇಲೆ ಅದೇ ಅಗಲದ ಕಪ್ಪು ಪಟ್ಟಿ ಬಿದ್ದಿದ್ದನ್ನು ನಾನೇ ನೋಡಿದ್ದೇನೆ.

ನೀಲಿ-ನೇರಳೆ-ಹೊನ್ನಿನ ಮಿಂಚು ಬೇರೆ ವಸ್ತುವಲ್ಲ. ಆಕ್ಸೈಡ್ ಅಥವಾ ಸಲ್ಫೈಡ್ ಪದರ ಇನ್ನೂ ತೀರಾ ತೆಳುವಾಗಿದ್ದಾಗ, ನೀರಿನ ಮೇಲೆ ಬಿದ್ದ ಎಣ್ಣೆಯ ಹಾಗೆ ಬೆಳಕು ಆಡುವ ಆಟ ಅದು. ಪದರ ದಪ್ಪವಾದಂತೆ ಮಿಂಚು ಹೋಗಿ ಕಂದೋ ಕಪ್ಪೋ ಆಗುತ್ತದೆ. ಇದನ್ನು ನೀಲಿ ಕಿಲುಬು ಎಂದು ತಿಳಿದು ಗಾಬರಿಯಾಗಬೇಡಿ.

ದೇವಸ್ಥಾನದ ತಾಮ್ರದ ಮಾಡು ವರ್ಷಗಟ್ಟಲೆ ಕಂದಾಗಿಯೇ ಇದೆ. ಅಮೆರಿಕದ ಸ್ವಾತಂತ್ರ್ಯ ದೇವಿ ಪ್ರತಿಮೆ ಮಾತ್ರ ಹಸಿರು. ಯಾಕೆ?

ಆ ಪ್ರತಿಮೆಯೂ ಮೊದಲು ಕಂದಾಗಿಯೇ ಇತ್ತು. 1886ರಲ್ಲಿ ನ್ಯೂಯಾರ್ಕ್ ಬಂದರಿನಲ್ಲಿ ಅದನ್ನು ಅನಾವರಣ ಮಾಡಿದಾಗ ಅದು ತಾಮ್ರದ ಬಣ್ಣದ್ದು. ಪೂರ್ತಿ ಹಸಿರಾಗಲು ದಶಕಗಳೇ ಹಿಡಿದವು. ಆ ಹಸಿರಿನ ಬಹುಪಾಲು ಬ್ರೋಕಂಟೈಟ್, ಅಂದರೆ ತಾಮ್ರದ ಸಲ್ಫೇಟ್ ಜಾತಿಯದು. ಕಲ್ಲಿದ್ದಲ ಹೊಗೆಯ ಗಂಧಕ ಮಳೆಯಲ್ಲಿ ಕರಗಿ ಕ್ಯುಪ್ರೈಟ್ ಪದರದ ಮೇಲೆ ನಿಧಾನವಾಗಿ ಕಟ್ಟಿದ್ದು. ಸಮುದ್ರದ ಉಪ್ಪುಗಾಳಿ ಇದ್ದುದರಿಂದ ಅದರ ಜೊತೆ ಅಟಕಮೈಟ್ ಎಂಬ ಕ್ಲೋರೈಡ್ ಹಸಿರೂ ಇದೆ. ಗಟ್ಟಿಯಾಗಿ ಅಂಟಿಕೊಂಡಿರುವ ಈ ಹಸಿರು ಕೆಳಗಿನ ಲೋಹವನ್ನು ಕಾಯುತ್ತಿದೆ. ಪ್ರತಿಮೆಯ ಹಾಳೆ ಇರುವುದೇ 2.4 ಮಿಲಿಮೀಟರ್ ದಪ್ಪ. ಒಂದು ಶತಮಾನ ಕಳೆದರೂ ಅದರಲ್ಲಿ ಸವೆದದ್ದು ಬಹಳ ಕಡಿಮೆ.

ನಮ್ಮ ಕರಾವಳಿಯ ದೇವಸ್ಥಾನಗಳ ತಾಮ್ರದ ಹೊದಿಕೆಗೂ ಇದೇ ದಾರಿ. ತೇವ ಹೆಚ್ಚು ಹೊತ್ತು ನಿಲ್ಲುವ ಕಡೆ, ಉಪ್ಪುಗಾಳಿ ತಾಗುವ ಕಡೆ ಹಸಿರು ಬೇಗ ಬರುತ್ತದೆ. ನೀರು ಬೇಗ ಇಳಿದುಹೋಗುವ ಕಡಿದಾದ ಭಾಗ, ಮಳೆ ತಾಗದ ಸೂರಿನ ಅಡಿಭಾಗ ಕಂದಾಗಿಯೇ ಉಳಿಯುತ್ತದೆ. ಆದ್ದರಿಂದ ಒಂದೇ ಮಾಡಿನಲ್ಲಿ ಎರಡು ಬಣ್ಣ ಇದ್ದರೆ ತಾಮ್ರ ಕಲಬೆರಕೆ ಎಂದು ಅನುಮಾನ ಪಡಬೇಕಾಗಿಲ್ಲ. ನೀರು ಹೇಗೆ ಹರಿಯುತ್ತದೆ ಎಂಬ ನಕ್ಷೆ ಅದು.

ದೀಪದ ಬಟ್ಟಲಲ್ಲಿ ಅಂಟು ಅಂಟಾದ ಹಸಿರು ಬರುತ್ತದೆ. ಎಷ್ಟು ತೊಳೆದರೂ ಹೋಗಲ್ಲ. ಇದು ಯಾವುದು?

ಇದು ತಾಮ್ರದ ಸೋಪು. ತಮಾಷೆಯ ಹೆಸರಲ್ಲ, ನಿಜವಾಗಿಯೂ ಸೋಪಿನ ಜಾತಿಯೇ. ಎಳ್ಳೆಣ್ಣೆಯಾಗಲಿ ಕೊಬ್ಬರಿ ಎಣ್ಣೆಯಾಗಲಿ ಬಟ್ಟಲಲ್ಲಿ ಬಿಸಿಯಾಗಿ, ಹಳತಾಗಿ, ಕಮಟು ಹಿಡಿದಾಗ ಅದರಿಂದ ಕೊಬ್ಬಿನ ಆಮ್ಲಗಳು ಬಿಡಿಯಾಗುತ್ತವೆ. ಆ ಆಮ್ಲಗಳು ಬಟ್ಟಲಿನ ತಾಮ್ರವನ್ನು ಎಳೆದುಕೊಂಡು ನೀಲಿ ಕಲೆತ ಗಾಢ ಹಸಿರು ಮೇಣದಂತಾಗುತ್ತವೆ. ಬತ್ತಿ ಕೂರುವ ಮೂತಿಯ ಹತ್ತಿರ, ಎಣ್ಣೆಯ ಅಂಚು ನಿಲ್ಲುವ ಗೆರೆಯಲ್ಲಿ ಇದು ಜಾಸ್ತಿ. ತಾಮ್ರ ತಾಗಿದ ಎಣ್ಣೆ ಇನ್ನೂ ಬೇಗ ಕಮಟುತ್ತದೆ, ಕಮಟಿದ ಎಣ್ಣೆ ಇನ್ನೂ ತಾಮ್ರ ತಿನ್ನುತ್ತದೆ.

ಗುರುತಿಸುವುದು ಸುಲಭ. ಬಿದಿರಿನ ಹಲ್ಲುಕಡ್ಡಿಯಿಂದ ಒತ್ತಿದರೆ ಪುಡಿಯಾಗದೆ, ಬೆಣ್ಣೆಯ ಹಾಗೆ ಗೀರು ಬೀಳುತ್ತದೆ. ಹತ್ತಿಯ ತುದಿಗೆ ಟರ್ಪೆಂಟೈನ್ ಹಚ್ಚಿ ಒರೆಸಿದರೆ ಹತ್ತಿ ಕೂಡಲೇ ಹಸಿರಾಗುತ್ತದೆ. ಬೇರೆ ಯಾವ ಹಸಿರೂ ಟರ್ಪೆಂಟೈನಿಗೆ ಕರಗುವುದಿಲ್ಲ. ನೀರಿಗೆ ಇದು ಜಗ್ಗುವುದಿಲ್ಲ, ಅದಕ್ಕೇ ತೊಳೆದು ತೊಳೆದು ನಿಮಗೆ ಸಾಕಾಗಿರುವುದು.

ತೆಗೆಯುವುದಕ್ಕೂ ಟರ್ಪೆಂಟೈನೇ ಸಾಕು. ಮೊದಲು ಕಡ್ಡಿಯಿಂದ ದಪ್ಪನೆಯದನ್ನು ಕೆರೆದು ತೆಗೆಯಿರಿ, ಆಮೇಲೆ ಹತ್ತಿಯಿಂದ ಒರೆಸುತ್ತ ಬನ್ನಿ. ಕಿಟಕಿ ತೆರೆದಿರಲಿ, ಹತ್ತಿರದಲ್ಲಿ ಬೆಂಕಿ ಬೇಡ, ದೀಪ ಪೂರ್ತಿ ಆರಿ ವಾಸನೆ ಹೋಗುವ ತನಕ ಹಚ್ಚಬೇಡಿ. ಮುಂದೆ ಇದು ಕಡಿಮೆಯಾಗಬೇಕಾದರೆ ಉಳಿದ ಎಣ್ಣೆಯ ಮೇಲೆ ಹೊಸ ಎಣ್ಣೆ ಸುರಿಯುವುದನ್ನು ಬಿಟ್ಟು, ವಾರಕ್ಕೊಮ್ಮೆ ಬಟ್ಟಲನ್ನು ಖಾಲಿ ಮಾಡಿ ಒರೆಸಿ.

ತಿಳಿ ಹಸಿರು ಪುಡಿ ಉದುರುತ್ತದೆ. ಇದಕ್ಕೇನಾ ಎಲ್ಲರೂ ಹೆದರುವುದು?

ಹೌದು, ಹೆದರಬೇಕಾದದ್ದು ಇದೊಂದಕ್ಕೆ. ಕಂಚಿನ ವಿಗ್ರಹ, ನಾಣ್ಯಗಳಲ್ಲಿ ಇದು ಜಾಸ್ತಿ, ಹಾಗಾಗಿ ಇದಕ್ಕೆ ಕಂಚಿನ ರೋಗ ಎಂಬ ಹೆಸರು. ತಾಮ್ರಕ್ಕೂ ಬರುತ್ತದೆ, ಹಿತ್ತಾಳೆಗೂ ಬರಬಹುದು. ರೋಗ ಅಂದರೂ ಇದು ಸೋಂಕಲ್ಲ, ಪಕ್ಕದ ಪಾತ್ರೆಗೆ ಹಾರುವುದಿಲ್ಲ.

ನಡೆಯುವುದು ಹೀಗೆ. ಉಪ್ಪು ಲೋಹದ ಸಣ್ಣ ಗುಳಿಗೆ, ಬಿರುಕಿಗೆ ಇಳಿದರೆ ಅಲ್ಲಿ, ಮೇಲಿನ ಪದರದ ಕೆಳಗೆ, ನ್ಯಾಂಟೊಕೈಟ್ (CuCl) ಎಂಬ ಬೂದು ಬಣ್ಣದ ಮೇಣದಂಥ ವಸ್ತು ಕೂರುತ್ತದೆ. ಒಣಗಿದ್ದಷ್ಟು ಕಾಲ ಅದು ಸುಮ್ಮನಿರುತ್ತದೆ. ಗಾಳಿಯ ತೇವ ನೂರಕ್ಕೆ 42ರಿಂದ 46ರ ಮೇಲೆ ಹೋದರೆ ಎಚ್ಚರಗೊಳ್ಳುತ್ತದೆ. ನೀರು ಮತ್ತು ಆಮ್ಲಜನಕ ಸೇರಿದಾಗ ಅದು ತಿಳಿ ಹಸಿರು ಕ್ಲೋರೈಡ್ ಪುಡಿಯಾಗುತ್ತದೆ, ಜೊತೆಗೆ ಹೈಡ್ರೋಕ್ಲೋರಿಕ್ ಆಮ್ಲವನ್ನು ಬಿಡುತ್ತದೆ:

4CuCl + O₂ + 4H₂O → 2Cu₂Cl(OH)₃ + 2HCl

ಕೊನೆಯಲ್ಲಿರುವ ಆ HCl ಪಕ್ಕದ ಹೊಸ ತಾಮ್ರವನ್ನು ತಿಂದು ಮತ್ತೆ ನ್ಯಾಂಟೊಕೈಟ್ ಮಾಡುತ್ತದೆ. ಹೊರಗಿಂದ ಇನ್ನು ಒಂದು ಹರಳು ಉಪ್ಪೂ ಬರಬೇಕಿಲ್ಲ, ಒಳಗಿದ್ದ ಉಪ್ಪೇ ಸುತ್ತು ಹೊಡೆಯುತ್ತಿರುತ್ತದೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ತೇವ ತಿಂಗಳುಗಟ್ಟಲೆ 80ರ ಮೇಲೆಯೇ ಇರುತ್ತದೆ. ಬೇಸಿಗೆಯಲ್ಲಿ ಚೆನ್ನಾಗಿದ್ದ ವಿಗ್ರಹ ಶ್ರಾವಣದ ಹೊತ್ತಿಗೆ ಹಸಿರು ಚುಕ್ಕೆ ಬಿಡುವುದು ಇದಕ್ಕೇ.

ನೋಡಲು ಅದು ಹೆಸರುಕಾಳಿನ ಹಿಟ್ಟಿನಂಥ ತಿಳಿ ಹಸಿರು. ಮೈತುಂಬ ಇರುವುದಿಲ್ಲ, ಚುಕ್ಕೆ ಚುಕ್ಕೆಯಾಗಿ ಉಬ್ಬಿರುತ್ತದೆ. ಮುಟ್ಟಿದರೆ ಉದುರುತ್ತದೆ, ಉದುರಿದ ಜಾಗದಲ್ಲಿ ಸೂಜಿಮೊನೆಯಷ್ಟು ಗುಳಿ ಕಾಣುತ್ತದೆ.

ಪಾಲಿಶ್ ಹಾಕಿದ ಮೇಲೆ ಸಂದಿಯಲ್ಲಿ ಉಳಿದ ಪುಡಿಯೂ ತಿಳಿ ಹಸಿರೇ ಇರುತ್ತದಲ್ಲ?

ಇರುತ್ತದೆ, ಮತ್ತು ಅತಿ ಹೆಚ್ಚು ಗಾಬರಿ ಹುಟ್ಟಿಸುವುದು ಅದೇ. ಉಜ್ಜುವ ಪುಡಿಯ ಸೀಮೆಸುಣ್ಣದಂಥ ಭಾಗ ಕೆತ್ತನೆಯ ಸಂದಿಯಲ್ಲಿ ಕೂತು, ತಾಮ್ರದ ಅಂಶ ಹೀರಿ, ಬಿಳಿ ಕಲೆತ ಹಸಿರಾಗುತ್ತದೆ. ಎರಡಕ್ಕೂ ವ್ಯತ್ಯಾಸ ಇಷ್ಟೇ: ಪಾಲಿಶ್ ಪುಡಿ ತೆಗೆದರೆ ಮುಗಿಯಿತು, ಕ್ಲೋರೈಡ್ ಮರಳಿ ಬರುತ್ತದೆ.

ಆದ್ದರಿಂದ ಕಾದು ನೋಡುವುದೇ ಪರೀಕ್ಷೆ. ಒಣ ಮೃದು ಬ್ರಷ್ಷಿನಿಂದ ಪುಡಿಯೆಲ್ಲ ತೆಗೆದು, ಹತ್ತಿರದಿಂದ ಫೋಟೋ ತೆಗೆದು, ವಸ್ತುವನ್ನು ಕಪ್ಪು ಕಾಗದದ ಮೇಲಿಡಿ. ಕಾಗದದ ಅಂಚಿನಲ್ಲಿ ತಾರೀಖು ಬರೆಯಿರಿ. ಮಳೆಗಾಲವಾದರೆ ಎರಡು-ಮೂರು ವಾರ ಸಾಕು. ಅದೇ ಜಾಗದಲ್ಲಿ ಹೊಸ ಚುಕ್ಕೆ ಬಂದಿದ್ದರೆ, ಕಾಗದದ ಮೇಲೆ ಹಸಿರು ಧೂಳು ಬಿದ್ದಿದ್ದರೆ, ರೋಗ ಜೀವಂತವಾಗಿದೆ. ಅವಸರ ಇದ್ದವರು ಮುಚ್ಚಳದ ಡಬ್ಬಿಯಲ್ಲಿ ಒದ್ದೆ ಹತ್ತಿಯ ಜೊತೆ, ಒಂದಕ್ಕೊಂದು ತಾಗದ ಹಾಗೆ, 24 ಗಂಟೆ ಇಟ್ಟು ನೋಡುತ್ತಾರೆ. ಮನೆಬಳಕೆಯ ಚೊಂಬಿಗೆ ಅದು ಸರಿ. ಹಳೇ ವಿಗ್ರಹಕ್ಕೆ ಬೇಡ, ಮಲಗಿದ್ದನ್ನು ಬೇಕಂತಲೇ ಎಬ್ಬಿಸಿದ ಹಾಗೆ ಆಗುತ್ತದೆ.

ಗಟ್ಟಿ ಹಸಿರು ಕಾರ್ಬೊನೇಟಾ ಅಲ್ವಾ ಅಂತ ಮನೆಯಲ್ಲೇ ತಿಳಿಯಬಹುದಾ?

ಕಾರ್ಬೊನೇಟ್ ಹಸಿರಿನ ಹೆಸರು ಮ್ಯಾಲಕೈಟ್. ಮಣ್ಣಿನಲ್ಲಿ ಹೂತಿದ್ದ ತಾಮ್ರದ ಮೇಲೆ, ವರ್ಷಗಟ್ಟಲೆ ತೇವದಲ್ಲಿದ್ದ ಕೊಡದ ಮೇಲೆ ಇದು ನಯವಾಗಿ, ಗಾಢವಾಗಿ ಕಟ್ಟಿರುತ್ತದೆ. ಸಾಸಿವೆ ಕಾಳಿನಷ್ಟು ಕೆರೆದು ಗಾಜಿನ ಮೇಲಿಟ್ಟು, ಒಂದು ಹನಿ ವಿನೆಗರ್ ಬಿಟ್ಟು, ಭೂತಗನ್ನಡಿಯಲ್ಲಿ ನೋಡಿ. ಸಣ್ಣ ಗುಳ್ಳೆಗಳು ನಿಧಾನವಾಗಿ ಎದ್ದರೆ ಕಾರ್ಬೊನೇಟ್. ಸಲ್ಫೇಟ್, ಕ್ಲೋರೈಡ್ ಹಸಿರುಗಳು ಗುಳ್ಳೆ ಬಿಡದೆ ಕರಗುತ್ತವೆ. ಹನಿಯನ್ನು ವಸ್ತುವಿನ ಮೇಲೇ ಬಿಡಬೇಡಿ, ಅಲ್ಲಿ ಕಲೆ ಉಳಿಯುತ್ತದೆ.

ಈ ಪರೀಕ್ಷೆ ತಪ್ಪುವುದು ಒಂದು ಕಡೆ. ಬೋರ್‌ವೆಲ್ ನೀರಿನ ಕೊಡದಲ್ಲಿ ಬಿಳಿ ಸುಣ್ಣದ ಕಟ್ಟು ಇರುತ್ತದೆ, ಅದೂ ಗುಳ್ಳೆ ಬಿಡುತ್ತದೆ, ಅದೂ ಜೋರಾಗಿ. ಹಸಿರು ಪುಡಿಯ ಜೊತೆ ಅದು ಕೆರೆದು ಬಂದರೆ ನೀವು ಎಲ್ಲವನ್ನೂ ಮ್ಯಾಲಕೈಟ್ ಎಂದು ತಿಳಿಯುತ್ತೀರಿ.

ನೀಲಿ ಬಣ್ಣ ಯಾವಾಗ ಬರುತ್ತದೆ?

ಮಣ್ಣಿನಿಂದ ಬಂದ ತಾಮ್ರದಲ್ಲಿ ಹಸಿರಿನ ನಡುವೆ ಅಲ್ಲಲ್ಲಿ ಗಾಢ ನೀಲಿ ಹರಳಿನ ಮಚ್ಚೆ ಕಂಡರೆ ಅದು ಅಜುರೈಟ್. ಅದೂ ಕಾರ್ಬೊನೇಟೇ, ಮ್ಯಾಲಕೈಟಿಗಿಂತ ಅಪರೂಪ. ತೇವ ತಾಗಿದರೆ ಕಾಲಕ್ರಮದಲ್ಲಿ ಅದು ಹಸಿರು ಮ್ಯಾಲಕೈಟ್ ಆಗಿ ಬದಲಾಗಬಹುದು. ಅಡಿಕೆ ತೋಟದವರ ಮನೆಯಲ್ಲಿ ಇನ್ನೊಂದು ನೀಲಿ ಸಿಗುತ್ತದೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಕಲಸಿದ ತಾಮ್ರದ ಪಾತ್ರೆಯ ಅಂಚಿನಲ್ಲಿ ನೀಲಿ ಹರಳು ಕೂತಿದ್ದರೆ ಅದು ಪಾತ್ರೆಯ ಕಿಲುಬಲ್ಲ, ಒಣಗಿದ ಮೈಲುತುತ್ತ. ನೀರು ಹಾಕಿದ ಕೂಡಲೇ ಕರಗುತ್ತದೆ. ಆ ಪಾತ್ರೆ ಅಡುಗೆಮನೆಗೆ ಮತ್ತೆ ಬರಬಾರದು.

ಮೂರನೆಯ ನೀಲಿಯನ್ನು ನಾನೇ ಮಾಡಿಟ್ಟಿದ್ದೆ. ಕೆಲಸ ಶುರುಮಾಡಿದ ಹೊಸದರಲ್ಲಿ ಒಂದು ಪಂಚಪಾತ್ರೆಯನ್ನು ವಾಷಿಂಗ್ ಸೋಡಾ ನೀರಲ್ಲಿ ಎರಡು ದಿನ ನೆನೆಸಿ, ಒಂದೇ ಸಲ ತೊಳೆದು, ಒರೆಸಿ ಇಟ್ಟೆ. ತಿಂಗಳ ಮೇಲೆ ನೋಡಿದರೆ ಅಂಚಿನ ಮಡಿಕೆಯಲ್ಲಿ ತಿಳಿನೀಲಿ ಸುಣ್ಣದಂಥ ಪುಡಿ. ಅದು ಚಾಲ್ಕೋನೇಟ್ರೊನೈಟ್, ಸೋಡಿಯಂ ಮತ್ತು ತಾಮ್ರ ಎರಡೂ ಸೇರಿದ ಕಾರ್ಬೊನೇಟ್. ಮಡಿಕೆಯೊಳಗೆ ಉಳಿದ ಸೋಡಾದಿಂದಲೇ ಅದು ಹುಟ್ಟಿತ್ತು. ನಿಮ್ಮ ವಸ್ತುವಿನ ಮೇಲೆ ಇಂಥ ತಿಳಿನೀಲಿ ಕಂಡರೆ ಹಿಂದೆ ಯಾರೋ ಅದನ್ನು ಸೋಡಾದಲ್ಲಿ ತೊಳೆದಿದ್ದಾರೆ, ಸರಿಯಾಗಿ ಜಾಲಿಸಿಲ್ಲ ಎಂದರ್ಥ. ಮಡಿಕೆ, ಸಂದಿ ಇರುವ ವಸ್ತುವನ್ನು ನಾನು ಈಗ ಸೋಡಾಕ್ಕೆ ಹಾಕುವುದೇ ಇಲ್ಲ.

ಹಿತ್ತಾಳೆ ಮೇಲೆ ಗುಲಾಬಿ ಮಚ್ಚೆ ಬಿದ್ದಿದೆ. ಹಿತ್ತಾಳೆ ಲೇಪ ಹೋಗಿ ಒಳಗಿನ ತಾಮ್ರ ಕಾಣುತ್ತಿದೆಯಾ?

ಲೇಪ ಅಲ್ಲ. ಹಿತ್ತಾಳೆಯಲ್ಲಿ ತಾಮ್ರ ಮತ್ತು ಸತು ಬೆರೆತಿರುತ್ತವೆ, ಸಾಮಾನ್ಯವಾಗಿ ನೂರರಲ್ಲಿ ಮೂವತ್ತರ ಆಸುಪಾಸು ಸತು. ಹುಳಿಯಲ್ಲೋ ಉಪ್ಪುನೀರಲ್ಲೋ ತುಂಬಾ ಹೊತ್ತು ಇದ್ದರೆ ಸತು ಮೊದಲು ಕರಗಿ ಹೋಗುತ್ತದೆ, ತಾಮ್ರ ಹಿಂದೆ ಉಳಿಯುತ್ತದೆ. ಆ ಉಳಿದ ತಾಮ್ರವೇ ಗುಲಾಬಿ. ಕೆಲವೊಮ್ಮೆ ಅದರ ಸುತ್ತ ಸತುವಿನ ಬಿಳಿ ಪುಡಿಯೂ ಕಾಣುತ್ತದೆ.

ರಾತ್ರಿಯಿಡೀ ಹುಣಸೆ ನೀರಲ್ಲಿ ನೆನೆಸಿದ್ದಕ್ಕೆ ಬಂದ ಗುಲಾಬಿ ತೆಳ್ಳಗಿರುತ್ತದೆ, ಸ್ವಲ್ಪ ಉಜ್ಜಿದರೆ ಹಳದಿ ಮರಳುತ್ತದೆ. ಮಚ್ಚೆಯನ್ನು ಸೂಜಿಯಿಂದ ಒತ್ತಿದಾಗ ಬೆಲ್ಲದ ಹಾಗೆ ಪುಡಿಯಾದರೆ ವಿಷಯ ಬೇರೆ. ಅಲ್ಲಿ ಲೋಹ ಆಳದ ತನಕ ಟೊಳ್ಳಾಗಿದೆ, ಉಜ್ಜಿದರೆ ತೂತೇ ಬೀಳುತ್ತದೆ.

ಒಂದು ವಸ್ತುವನ್ನು ಮೊದಲಿಂದ ಕೊನೆತನಕ ಹೇಗೆ ನೋಡುತ್ತೀರಿ?

ಕುಮಟಾ ಕಡೆಯಿಂದ ಒಬ್ಬ ಅಕ್ಕ ತಮ್ಮ ಅತ್ತೆಯ ಕಾಲದ ಹಿತ್ತಾಳೆ ಕಾಲುದೀಪ ತಂದಿದ್ದರು. ಎರಡು ಅಡಿ ಎತ್ತರ, ತಿರುಪಿನಿಂದ ಬಿಚ್ಚುವ ಮೂರು ಭಾಗ, ತುದಿಯಲ್ಲಿ ಹಂಸ. "ಎಲ್ಲಾ ಕಡೆ ಹಸಿರು ಬಂದಿದೆ ಮಾರಾಯ್ರೆ, ಬಫಿಂಗ್ ಮಾಡಿಸಿ ಹೊಸದರ ಹಾಗೆ ಮಾಡಿಕೊಡಿ" ಅಂದರು. ನಾನು ದೀಪವನ್ನು ಬಿಚ್ಚಿ ಬಿಸಿಲಿಗೆ ಹಿಡಿದು ನೋಡಿದೆ. ಎಲ್ಲಾ ಕಡೆ ಅಲ್ಲ, ಮೂರು ಕಡೆ ಇತ್ತು, ಮೂರೂ ಬೇರೆ ಬೇರೆ.

ಕಂಬದ ಮೈ ಒಂದೇ ಸಮ ಜೇನು ಬಣ್ಣದ ಕಂದು. ಅದನ್ನು ಮುಟ್ಟುವ ಮಾತೇ ಇಲ್ಲ. ಬಟ್ಟಲಲ್ಲಿ ಗಾಢ ನೀಲಿ-ಹಸಿರು, ಕಡ್ಡಿ ಒತ್ತಿದರೆ ಗೀರು, ಟರ್ಪೆಂಟೈನ್ ಹತ್ತಿ ಒಂದೇ ಎಳೆತಕ್ಕೆ ಹಸಿರು. ಅದು ಸೋಪು. ಹಂಸದ ಗರಿಯ ಸಂದಿಗಳಲ್ಲಿ ತಿಳಿ ಹಸಿರು ಪುಡಿ, ತಳಭಾಗದ ತಿರುಪಿನ ಸುತ್ತುಗಳಲ್ಲೂ ತಿಳಿ ಹಸಿರು ಪುಡಿ. ಕಣ್ಣಿಗೆ ಎರಡೂ ಒಂದೇ.

ಎರಡೂ ಕಡೆ ಬ್ರಷ್ ಮಾಡಿ, ಭಾಗಗಳನ್ನು ಬೇರೆ ಬೇರೆ ಕಪ್ಪು ಕಾಗದದ ಮೇಲಿಟ್ಟೆ. ಅದು ಜುಲೈ ತಿಂಗಳು. ಮೂರು ವಾರ ಕಳೆದರೂ ಹಂಸ ಚೊಕ್ಕವಾಗಿಯೇ ಇತ್ತು, ಅಲ್ಲಿದ್ದದ್ದು ಪಾಲಿಶ್ ಪುಡಿ. ತಿರುಪಿನಲ್ಲಿ ಒಂಬತ್ತನೇ ದಿನಕ್ಕೇ ನಾಲ್ಕು ಹೊಸ ಚುಕ್ಕೆ ಎದ್ದಿದ್ದವು. ಖಚಿತ ಮಾಡಿಕೊಳ್ಳಲು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ಸ್ನೇಹಿತರ ಹತ್ತಿರ ಹೋದೆ. ಅವರು ಗುಂಡುಸೂಜಿ ತಲೆಯಷ್ಟು ಪುಡಿಯನ್ನು ತೆಳು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ ಸಿಲ್ವರ್ ನೈಟ್ರೇಟ್ ಹನಿ ಬಿಟ್ಟರು. ಹಾಲು ಒಡೆದ ಹಾಗೆ ಬೆಳ್ಳಗಾಯಿತು. ಪಕ್ಕದಲ್ಲಿ ಪುಡಿ ಹಾಕದ ಇನ್ನೊಂದು ನಳಿಗೆಯನ್ನೂ ಅವರು ಇಟ್ಟಿದ್ದರು, ಅದು ತಿಳಿಯಾಗಿಯೇ ಉಳಿಯಿತು. ಆ ಎರಡನೇ ನಳಿಗೆ ಬೇಕೇ ಬೇಕು. ನಲ್ಲಿ ನೀರಲ್ಲೂ ಕ್ಲೋರೈಡ್ ಇರುತ್ತದೆ, ಡಿಸ್ಟಿಲ್ಡ್ ನೀರು ಬಳಸದಿದ್ದರೆ ಏನೇ ಹಾಕಿದರೂ ಬೆಳ್ಳಗಾಗುತ್ತದೆ.

ಉಪ್ಪು ಎಲ್ಲಿಂದ ಬಂತು? ಅಕ್ಕನನ್ನು ಕೇಳಿದೆ. ಪ್ರತಿ ಹಬ್ಬಕ್ಕೂ ಹುಣಸೆಹಣ್ಣು, ಉಪ್ಪು ಹಾಕಿ ದೀಪವನ್ನು ಬಿಚ್ಚದೆ ಇಡಿಯಾಗಿ ಉಜ್ಜುತ್ತಿದ್ದರಂತೆ. ಉಪ್ಪುನೀರು ತಿರುಪಿನೊಳಗೆ ಇಳಿದು ಅಲ್ಲೇ ಉಳಿಯುತ್ತಿತ್ತು.

ತಿರುಪಿನ ಭಾಗವನ್ನು ಕಡ್ಡಿ, ಬ್ರಷ್ಷಿನಿಂದ ಪೂರ್ತಿ ಶುಚಿ ಮಾಡಿ ಡಿಸ್ಟಿಲ್ಡ್ ನೀರಲ್ಲಿ ಹತ್ತು ದಿನ ಇಟ್ಟೆ, ದಿನಾ ನೀರು ಬದಲಿಸಿದೆ. ಆಮೇಲೆ ಹೇರ್ ಡ್ರೈಯರಿನಿಂದ ಒಣಗಿಸಿ, ತಿರುಪಿಗೆ ಮಾತ್ರ ತೆಳ್ಳಗೆ ಮೇಣ ಹಚ್ಚಿದೆ. ಬಟ್ಟಲಿಗೆ ಮೇಣ ಹಚ್ಚಲಿಲ್ಲ, ಅಲ್ಲಿ ಬೆಂಕಿ ಇರುತ್ತದೆ. ಇದರಿಂದ ಒಳಗಿನ ಉಪ್ಪೆಲ್ಲ ಹೋಯಿತು ಎಂದು ನಾನು ಹೇಳಲಾರೆ. ನ್ಯಾಂಟೊಕೈಟ್ ನೀರಿಗೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಅಕ್ಕನಿಗೆ ಹೇಳಿದ್ದು ಇಷ್ಟೇ: ವರ್ಷಕ್ಕೊಮ್ಮೆ, ಮಳೆಗಾಲದ ನಡುವೆ, ತಿರುಪು ಬಿಚ್ಚಿ ನೋಡಿ. ಬಫಿಂಗ್ ಮಾಡಿಸಿದ್ದರೆ ಕಂಬದ ಕಂದು ಮತ್ತು ಹಂಸದ ಗರಿಯ ಗೆರೆ ಎರಡೂ ಹೋಗಿ, ತಿರುಪಿನೊಳಗಿನ ತೊಂದರೆ ಮಾತ್ರ ಹಾಗೇ ಉಳಿಯುತ್ತಿತ್ತು.

ಹಾಗಾದರೆ ಹುಣಸೆಹಣ್ಣು, ಉಪ್ಪು ಬಳಸಲೇಬಾರದಾ?

ಸಂದಿ ಇಲ್ಲದ ಚೊಂಬು, ತಂಬಿಗೆಗೆ ಬಳಸಿ. ಹುಣಸೆಯ ಆಮ್ಲ ಆಕ್ಸೈಡನ್ನು ಕರಗಿಸುತ್ತದೆ, ಉಪ್ಪು ಆ ಕೆಲಸವನ್ನು ಜೋರು ಮಾಡುತ್ತದೆ. ಆದರೆ ಐದು ನಿಮಿಷದಲ್ಲಿ ಮುಗಿಸಿ, ಮೂರು ನೀರಲ್ಲಿ ತೊಳೆದು, ಕೂಡಲೇ ಬಟ್ಟೆಯಿಂದ ಒರೆಸಿ. ಬೋರಲು ಹಾಕಿ ತಾನಾಗಿ ಆರಲಿ ಎಂದು ಬಿಟ್ಟರೆ ನೀರು ನಿಂತ ಗೆರೆಯಲ್ಲಿ ಎರಡೇ ದಿನಕ್ಕೆ ಹಸಿರು ಬರುತ್ತದೆ. ತಿರುಪು, ಬೆಸುಗೆ, ಕೆತ್ತನೆ ಇರುವುದಕ್ಕೆ ಉಪ್ಪು ಬೇಡ, ಬರೀ ಹುಣಸೆ ಅಥವಾ ನಿಂಬೆ ಸಾಕು.

ಒಳಗೆ ಹಸಿರಾದ ಪಾತ್ರೆಯಲ್ಲಿ ಅಡುಗೆ ಮಾಡಬಹುದಾ?

ಬೇಡ, ಯಾವ ಹಸಿರಾದರೂ ಸರಿ. ಹುಳಿ, ಮಜ್ಜಿಗೆ, ಉಪ್ಪಿನಕಾಯಿ ತಾಗಿದರೆ ಅದು ಆಹಾರಕ್ಕೆ ಇಳಿಯುತ್ತದೆ, ಹೊಟ್ಟೆ ತೊಳಸುತ್ತದೆ, ವಾಂತಿಯಾಗುತ್ತದೆ. ಅಡುಗೆಯ ಹಿತ್ತಾಳೆ, ತಾಮ್ರದ ಪಾತ್ರೆಗೆ ಕಲಾಯಿ ಹಾಕಿಸುವುದು ಇದಕ್ಕೇ. ಕಲಾಯಿ ಸವೆದ ಕಡೆ ಮೊದಲು ಹಳದಿ ಅಥವಾ ಕೆಂಪು ಕಾಣುತ್ತದೆ, ಆಮೇಲೆ ಹಸಿರು. ಹಸಿರು ಬರುವ ತನಕ ಕಾಯಬೇಡಿ.

ಹಿತ್ತಾಳೆ ಕೊಳಗ ಬಣ್ಣವೇನೂ ಬದಲಾಗದೆ ಅಂಚಿನಲ್ಲಿ ಸೀಳಿದೆ. ಇದೂ ಕಿಲುಬಾ?

ಸೀಳಿನ ಹತ್ತಿರ ನೀಲಿ ಛಾಯೆ ಇದೆಯಾ, ಕೊಟ್ಟಿಗೆಯ ಹತ್ತಿರ ಇಟ್ಟಿದ್ದರಾ ಎಂದು ನೋಡಿ. ಗಂಜಲದಿಂದ ಏಳುವ ಅಮೋನಿಯಾ ತಾಮ್ರವನ್ನು ಗಾಢ ನೀಲಿ ದ್ರಾವಣವಾಗಿ ಕರಗಿಸುತ್ತದೆ. ಬಡಿದು ರೂಪ ಕೊಟ್ಟ ಹಿತ್ತಾಳೆಯೊಳಗೆ ಬಿಗಿತ ಉಳಿದಿದ್ದರೆ ಕಣ್ಣಿಗೆ ಕಾಣದ ಗೆರೆಗಳಲ್ಲಿ ಅದು ಸೀಳುತ್ತ ಹೋಗುತ್ತದೆ. ಬ್ರಿಟಿಷರ ಕಾಲದಲ್ಲಿ ಭಾರತದಲ್ಲಿ ಕುದುರೆ ಲಾಯದ ಹತ್ತಿರ ಇಟ್ಟಿದ್ದ ಬಂದೂಕಿನ ಹಿತ್ತಾಳೆ ತೋಟಾಗಳು ಮಳೆಗಾಲದಲ್ಲಿ ತಾವಾಗಿಯೇ ಬಿರಿಯುತ್ತಿದ್ದದ್ದು ಇದರಿಂದಲೇ. ಕಾರಣ ಅಮೋನಿಯಾ ಎಂದು ವಿವರಿಸಿದ್ದು 1921ರಲ್ಲಿ. ಸೀಳಿದ ಅಂಚನ್ನು ಬೆಸೆಯಿಸುವುದಕ್ಕಿಂತ ಮೊದಲು ಉಳಿದ ಕೊಳಗಗಳನ್ನು ಆ ಜಾಗದಿಂದ ಎತ್ತಿ ಬೇರೆಡೆ ಇಡಿ.

ಹೊಲದಲ್ಲಿ ಹಸಿರು ಹಿಡಿದ ತಾಮ್ರದ ತಗಡು ಸಿಕ್ಕಿದೆ. ತೊಳೆದು ಅಕ್ಷರ ಇದೆಯಾ ನೋಡ್ಲಾ?

ದಯವಿಟ್ಟು ತೊಳೆಯಬೇಡಿ. ಹೂತಿದ್ದ ತಾಮ್ರಪಟದ ಪದರಗಳು ಹೀಗಿರುತ್ತವೆ: ಎಲ್ಲಕ್ಕಿಂತ ಮೇಲೆ ಮಣ್ಣು ಕಲೆತ ಹಸಿರು ಮ್ಯಾಲಕೈಟ್, ಅದರ ಕೆಳಗೆ ಕೆಂಪು ಕ್ಯುಪ್ರೈಟ್, ಅದರ ಕೆಳಗೆ ಉಳಿದ ಲೋಹ. ಶತಮಾನಗಳಲ್ಲಿ ಲೋಹದ ಮೇಲ್ಮೈ ತಾನೇ ಕಿಲುಬಾಗಿ ಬದಲಾಗಿರುತ್ತದೆ. ಹಾಗಾಗಿ ಶಾಸನ ಕೊರೆದವನ ಉಳಿಯ ಗೆರೆ ಬಹಳ ಸಲ ಈಗಿನ ಲೋಹದಲ್ಲಿ ಇರುವುದಿಲ್ಲ, ಆ ಕೆಂಪು ಪದರದಲ್ಲಿ ಇರುತ್ತದೆ. ಹುಣಸೆಯೋ ಆಸಿಡ್ಡೋ ಹಾಕಿದರೆ ಹಸಿರಿನ ಜೊತೆ ಕೆಂಪೂ ಕರಗುತ್ತದೆ. ಕೈಯಲ್ಲಿ ಉಳಿಯುವುದು ಹೊಳೆಯುವ, ಗುಳಿ ಬಿದ್ದ, ಅಕ್ಷರವಿಲ್ಲದ ತಗಡು.

ಹಳೇ ವಸ್ತುಗಳನ್ನು ಸಂರಕ್ಷಿಸುವ ಕನ್ಸರ್ವೇಟರ್‌ಗಳು ಸೂಕ್ಷ್ಮದರ್ಶಕದ ಕೆಳಗೆ ಹಸಿರನ್ನು ಮಾತ್ರ ಚೂರು ಚೂರೇ ಎಬ್ಬಿಸಿ ಕೆಂಪು ಪದರದ ಮೇಲೆ ನಿಲ್ಲುತ್ತಾರೆ. ನೀವು ಮಾಡಬೇಕಾದದ್ದು ಇಷ್ಟು: ಮಣ್ಣು ಸಮೇತ ಒಣ ಕಾಗದದಲ್ಲಿ ಸುತ್ತಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡಬ್ಬಿಯಲ್ಲಿಡಿ. ಸಿಕ್ಕ ಜಾಗದ ಫೋಟೋ ತೆಗೆಯಿರಿ, ತಗಡುಗಳಿಗೆ ಬಳೆಯಂಥ ಉಂಗುರ, ಮುದ್ರೆ ಇದ್ದರೆ ಬಿಚ್ಚಬೇಡಿ. ನೆಲದಲ್ಲಿ ಸಿಕ್ಕ ನಿಧಿಯನ್ನು ತಿಳಿಸುವುದು ಕಾನೂನು, ಹಾಗಾಗಿ ತಹಶೀಲ್ದಾರರಿಗೂ ಪುರಾತತ್ವ ಇಲಾಖೆಗೂ ಹೇಳಿ. ಲೋಹದ ಸಂರಕ್ಷಣೆ ಮಾಡುವ ಪ್ರಾದೇಶಿಕ ಪ್ರಯೋಗಾಲಯ ಮೈಸೂರಿನಲ್ಲೇ ಇದೆ. ತಗಡಿನ ಮೇಲೆ ಹೆಸರುಕಾಳಿನ ಹಿಟ್ಟಿನಂಥ ಚುಕ್ಕೆ ಕಂಡಿದ್ದರೆ ಅದನ್ನು ಮೊದಲ ಮಾತಲ್ಲೇ ಹೇಳಿಬಿಡಿ. ಆಗ ಅವರು ಮೊದಲು ನೋಡುವುದು ಅಕ್ಷರವನ್ನಲ್ಲ, ಅದನ್ನೇ.